ಅನುಪ್ರಾಸ: ನಾಲಿಗೆ ತೊಡರುವ ಪದ್ಯಗಳಲ್ಲಿ

ಸಮಾನ ವ್ಯಂಜನಗಳ ಆವೃತ್ತಿಯನ್ನು ಅಲಂಕಾರಶಾಸ್ತ್ರವು ಅನುಪ್ರಾಸವೆಂದು ಕರೆಯುತ್ತದೆ. ಸ್ವರಗಳು ಬೇರೆಯಾದರೂ ವರ್ಣಸಾಮ್ಯವಿದ್ದರೆ ಸಾಕೆಂಬ ಮಮ್ಮಟನ ಮತದಂತೆ, ಸ್ವರಸಾಮ್ಯವು ಅದರ ಅವಶ್ಯ ಲಕ್ಷಣವಲ್ಲ. ನಾಲಿಗೆ ತೊಡರಿಸುವ ಪದ್ಯದಲ್ಲಾದರೋ ಇವೆರಡೂ ಕೂಡಿಯೇ ಕೆಲಸಮಾಡುತ್ತವೆ. ಒಂದೇ ವರ್ಣವನ್ನು ಎಷ್ಟು ಸಲ ನುಡಿದರೂ ನಾಲಿಗೆಯು ಅಷ್ಟಾಗಿ ದಣಿಯದು. ಅದು ತಪ್ಪುವುದು, ಸ್ಥಾನದಲ್ಲಿ ನೆರೆಹೊರೆಯಾದ ಎರಡು ವರ್ಣಗಳು ಒಂದರ ಬೆನ್ನಿಗೊಂದು ಬಂದು, ಸುತ್ತಲಿನ ಸ್ವರಗಳೂ ಒಂದೇ ಆಗಿ, ಅವನ್ನು ಬೇರ್ಪಡಿಸುವ ಗುರುತೇ ಇಲ್ಲದಂತಾದಾಗ. ಕನ್ನಡದಲ್ಲಿ ಇದಕ್ಕೆ ಒದಗುವ ಉತ್ತಮ ಯುಗ್ಮವೆಂದರೆ ಲಕಾರ ಳಕಾರಗಳು. ಳಕಾರವು ಪದಾದಿಯಲ್ಲಿ ಬಾರದುದರಿಂದ ಈ ಆಟವು ಪದದ ಒಳಗೆ, ಬಹುಮಟ್ಟಿಗೆ ಆದಿಪ್ರಾಸದ ನೆಲೆಯಾದ ಎರಡನೆಯ ಅಕ್ಷರದಲ್ಲಿಯೇ, ನಡೆಯಬೇಕಾಗುತ್ತದೆ.

ಉದಾಹರಣೆಗಾಗಿ ಇಲ್ಲಿ ರಚಿಸಿದ ಎರಡು ಸಾಲುಗಳನ್ನು ನೋಡಬಹುದು:

ಹಳೆಯ ಹೊಲದ ಬೆಳೆಗೆ ಬೆಲೆಯಿಲ್ಲ,
ಮಲೆಯ ಹೊಲದ ಬೆಳೆಗೆ ಬೆಲೆಯೆಲ್ಲ.

ಮೊದಲ ಸಾಲಿನಲ್ಲಿ ಳ, ಲ, ಳ, ಲ ಎಂದು ವರ್ಣಗಳು ಸರದಿಯಾಗಿ ಬರುತ್ತವೆ. ಮೂರು ಮೂರು ಮಾತ್ರೆಯ ಮೂರು ಪದಗಳ ನಡಿಗೆಯಲ್ಲಿ ನಾಲಿಗೆಯು ಆ ಸರದಿಗೆ ಒಗ್ಗಿಕೊಳ್ಳುತ್ತದೆ. ಎರಡನೆಯ ಸಾಲು ಲಕಾರದಿಂದ ಮೊದಲಾಗಿ ಆ ಅಭ್ಯಾಸವನ್ನೇ ಮುರಿಯುವುದರಿಂದ, ವೇಗವಾಗಿ ಓದುವವನು ‘ಮಲೆಯ’ ಎಂಬಲ್ಲಿ ‘ಮಳೆಯ’ ಎಂದುಬಿಡುವ ಸಂಭವವುಂಟು. ‘ಹಳೆಯ ಹೊಲ’ ಎಂಬಲ್ಲಿ ಅಕಾರ ಒಕಾರಗಳ ಭೇದವು ನೆರವಾಗುತ್ತದೆ. ‘ಬೆಳೆಗೆ ಬೆಲೆ’ ಎಂಬಲ್ಲಿಯೋ ಎಕಾರದ ಹೊರತು ಬೇರೆ ಸ್ವರವೇ ಇಲ್ಲದುದರಿಂದ ತೊಡಕು ಅತ್ಯಧಿಕ.

ತಪ್ಪುಗಳಲ್ಲಿಯೂ ತಾರತಮ್ಯವುಂಟು. ‘ಹಳೆಯ’ ಎಂಬುದು ‘ಹಲೆಯ’ ಎಂದಾದರೆ ಅರ್ಥಹೀನವಾಗಿ, ಕೇಳುವವರು ಆ ಕ್ಷಣವೇ ನಗುತ್ತಾರೆ. ‘ಮಲೆಯ’ ಎಂಬುದು ‘ಮಳೆಯ’ ಎಂದಾದರೆ, ಅಥವಾ ‘ಬೆಲೆಗೆ ಬೆಳೆಯಿಲ್ಲ’ ಎಂದು ಪದಗಳೆರಡೂ ಅದಲುಬದಲಾದರೆ, ವಾಕ್ಯವು ವ್ಯಾಕರಣಶುದ್ಧವಾಗಿಯೇ ಉಳಿದು ಬೇರೊಂದು ಅರ್ಥವನ್ನು ಕೊಡುತ್ತದೆ. ಚತುರ ರಚನಕಾರನು ಎರಡು ಬಗೆಯನ್ನೂ ಬೆರೆಸುವನು. ಎಲ್ಲ ತಪ್ಪುಗಳೂ ಅರ್ಥವತ್ತಾದರೆ ತಪ್ಪಿದುದೇ ತಿಳಿಯದೆ ವಿನೋದವು ಕೆಡುತ್ತದೆ.

ಅರ್ಥವು ಉಳಿದಿದೆಯೇ ಎಂಬುದನ್ನು ಅರಿಯಲು ಅನ್ವಯಿಸಿ ನೋಡುವುದೇ ದಾರಿ. ಮೇಲಿನ ಸಾಲಿನಲ್ಲಿ ‘ಬೆಲೆ’ಯನ್ನು ತೆಗೆದು ‘ಧಾರಣೆ’ಯನ್ನಿಟ್ಟರೆ ನಾದವು ಹೋದರೂ ಸಂಗತಿಯು ನಿಲ್ಲುತ್ತದೆ. ಇದನ್ನೇ ಬೆಳೆಸಹೊರಟು ‘ಬಳಲಿದ ಬಾಲೆಯ ಬಳೆಯ ಬಲೆ’ ಎಂದು ಸೇರಿಸಿದರೆ ನಾದವು ಇಮ್ಮಡಿಯಾಗುವುದು, ಆದರೆ ಬಾಲೆಗೂ ಹೊಲಕ್ಕೂ ಏನು ಸಂಬಂಧವೆಂಬ ಪ್ರಶ್ನೆಗೆ ಉತ್ತರವಿರದು. ಭಾರವಿಯು ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿ ಬಹುತೇಕ ನಕಾರವೊಂದರಿಂದಲೇ ಹೆಣೆದ ಶ್ಲೋಕಕ್ಕೆ ಅರ್ಥವುಂಟಾದರೂ, ವ್ಯಾಖ್ಯಾನದ ನೆರವಿಲ್ಲದೆ ಅದು ಹೊಳೆಯುವುದು ಕಷ್ಟ. ಅದು ಪಾಂಡಿತ್ಯದ ಚಿತ್ರಕವಿತ್ವವೇ ಹೊರತು ಬಾಯಿಮಾತಿನ ಆಟವಲ್ಲ.

ಈ ಬಗೆಯ ರಚನೆಗೆ ಉಚ್ಚಾರಣೆಯೂ ಒಂದು ಮೇರೆಯನ್ನು ಹಾಕುತ್ತದೆ. ಲಕಾರ ಳಕಾರಗಳ ಭೇದವಿಲ್ಲದ ಆಡುನುಡಿಯವರಿಗೆ ಈ ಸಾಲುಗಳಲ್ಲಿ ತೊಡಕೇ ಇರದು. ಬೆಳೆಯೂ ಬೆಲೆಯೂ ಒಂದೇ ಶಬ್ದವಾಗಿ, ತೊಡಕು ನಾಲಿಗೆಯಿಂದ ಕಿವಿಗೆ ವರ್ಗವಾಗುತ್ತದೆ.