ಹಿರಿಯ ಚಾಲಕರ ಪರವಾನಗಿ ನವೀಕರಣ ಮತ್ತು ವೈದ್ಯಕೀಯ ತಪಾಸಣೆ

ಹಿರಿಯ ಚಾಲಕರ ಪರವಾನಗಿ ನವೀಕರಣ ಎಂಬುದು ನಿಗದಿತ ವಯಸ್ಸನ್ನು ದಾಟಿದವರ ಚಾಲನಾ ಪರವಾನಗಿಯನ್ನು ಕಡಿಮೆ ಅವಧಿಗೆ, ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಮುಂದುವರಿಸುವ ವ್ಯವಸ್ಥೆ. ಭಾರತದಲ್ಲಿ ಇದನ್ನು ಮೋಟಾರು ವಾಹನಗಳ ಕಾಯ್ದೆ, 1988ರ 14 ಮತ್ತು 15ನೇ ಕಲಮುಗಳು ನಿಯಂತ್ರಿಸುತ್ತವೆ. 2019ರ ತಿದ್ದುಪಡಿ ಕಾಯ್ದೆ ಈ ಎರಡೂ ಕಲಮುಗಳನ್ನು ಗಣನೀಯವಾಗಿ ಬದಲಿಸಿತು. ಕಾಯ್ದೆಯು ಚಾಲನೆಗೆ ಕನಿಷ್ಠ ವಯಸ್ಸನ್ನು ಗೊತ್ತುಪಡಿಸಿದೆಯೇ ಹೊರತು ಗರಿಷ್ಠ ವಯಸ್ಸನ್ನು ಹೇಳಿಲ್ಲ. ಎಂಬತ್ತು ದಾಟಿದವರೂ ದೈಹಿಕವಾಗಿ ಅರ್ಹರಾಗಿದ್ದರೆ ಪರವಾನಗಿ ಹೊಂದಬಹುದು. ಈ ಲೇಖನವು ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವ್ಯವಸ್ಥೆಯನ್ನು ವಿವರಿಸುತ್ತದೆ.

## ವಯಸ್ಸು ಮತ್ತು ಅವಧಿ

ದ್ವಿಚಕ್ರ ವಾಹನ, ಸ್ವಂತ ಕಾರು ಮೊದಲಾದ ಸಾರಿಗೇತರ ವಾಹನಗಳ ಪರವಾನಗಿಯ ಅವಧಿಯು ಅದನ್ನು ಪಡೆಯುವ ಅಥವಾ ನವೀಕರಿಸುವ ದಿನ ಚಾಲಕನಿಗಿರುವ ವಯಸ್ಸನ್ನು ಅವಲಂಬಿಸಿದೆ. ಮೂವತ್ತು ತುಂಬದವರಿಗೆ ಅದು ನಲವತ್ತನೆಯ ವಯಸ್ಸಿನವರೆಗೆ ಸಿಂಧುವಾಗಿರುತ್ತದೆ. ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷದ ಅವಧಿ ದೊರೆಯುತ್ತದೆ. ಐವತ್ತು ತುಂಬಿ ಐವತ್ತೈದು ತುಂಬದವರು ಯಾವಾಗಲೇ ನವೀಕರಿಸಿದರೂ ಪರವಾನಗಿ ಅರವತ್ತನೆಯ ವಯಸ್ಸಿಗೆ ಮುಗಿಯುತ್ತದೆ. ಐವತ್ತೈದು ದಾಟಿದ ಮೇಲೆ ಪ್ರತಿ ಬಾರಿಯೂ ಐದೇ ವರ್ಷ.

ತಿದ್ದುಪಡಿಗೆ ಮೊದಲು ಲೆಕ್ಕ ಬೇರೆಯಿತ್ತು. ಐವತ್ತು ತುಂಬದವರಿಗೆ ಇಪ್ಪತ್ತು ವರ್ಷ ಅಥವಾ ಐವತ್ತನೆಯ ವಯಸ್ಸು, ಇವುಗಳಲ್ಲಿ ಮೊದಲು ಬರುವ ದಿನದವರೆಗೆ ಪರವಾನಗಿ ಸಿಗುತ್ತಿತ್ತು. ಐವತ್ತರ ನಂತರ ಐದು ವರ್ಷಕ್ಕೊಮ್ಮೆ ನವೀಕರಣ. ಹಾಗಾಗಿ ಇಂದು ಹಿರಿಯರ ಕೈಯಲ್ಲಿರುವ ಹಲವು ಪರವಾನಗಿಗಳ ಇತಿಹಾಸದಲ್ಲಿ ಹಳೆಯ ಮತ್ತು ಹೊಸ ನಿಯಮಗಳೆರಡೂ ಬೆರೆತಿವೆ. ಕಾರ್ಡಿನ ಮೇಲೆ ಮುದ್ರಿತವಾದ ದಿನಾಂಕವೇ ನಿರ್ಣಾಯಕ. ಪಕ್ಕದ ಮನೆಯವರ ಪರವಾನಗಿ ಎಷ್ಟು ವರ್ಷ ನಡೆಯಿತು ಎಂಬುದರಿಂದ ತಮ್ಮದನ್ನು ಊಹಿಸುವಂತಿಲ್ಲ.

ಲಾರಿ, ಬಸ್ಸು ಮೊದಲಾದ ಸಾರಿಗೆ ವಾಹನಗಳ ಪರವಾನಗಿಗೆ ವಯಸ್ಸು ಎಷ್ಟೇ ಇರಲಿ ಐದು ವರ್ಷದ ಅವಧಿ. ಅಪಾಯಕಾರಿ ಸರಕು ಸಾಗಿಸುವವರಿಗೆ ಮೂರು ವರ್ಷ. ಒಂದೇ ಕಾರ್ಡಿನಲ್ಲಿ ಎರಡೂ ವರ್ಗಗಳಿದ್ದರೆ ಎರಡು ಬೇರೆ ಬೇರೆ ಅಂತಿಮ ದಿನಾಂಕಗಳಿರುತ್ತವೆ. ಸಾರಿಗೇತರ ದಿನಾಂಕವನ್ನಷ್ಟೇ ನೋಡಿ ಗೂಡ್ಸ್ ವಾಹನವನ್ನು ಓಡಿಸುತ್ತಿರುವವರು ತಮಗೆ ಅರಿವಿಲ್ಲದೆಯೇ ಅವಧಿ ಮೀರಿದ ಪರವಾನಗಿಯಲ್ಲಿ ಚಲಾಯಿಸುತ್ತಿರಬಹುದು.

## ವೈದ್ಯಕೀಯ ಪ್ರಮಾಣಪತ್ರ

ಅವಧಿ ಕಿರಿದಾಗುವುದು ಐವತ್ತೈದರ ನಂತರವಾದರೂ ವೈದ್ಯಕೀಯ ಪ್ರಮಾಣಪತ್ರದ ಅಗತ್ಯ ಅದಕ್ಕೂ ಮೊದಲೇ ಆರಂಭವಾಗುತ್ತದೆ. 15ನೇ ಕಲಮಿನ ಪ್ರಕಾರ ನಲವತ್ತು ತುಂಬಿದ ಅರ್ಜಿದಾರರು ಪ್ರತಿ ನವೀಕರಣಕ್ಕೂ ನೋಂದಾಯಿತ ವೈದ್ಯರು ಸಹಿ ಮಾಡಿದ ನಮೂನೆ 1-ಎ ಸಲ್ಲಿಸಬೇಕು. ಸಾರಿಗೆ ವಾಹನದ ಚಾಲಕರಿಗೆ ಇದು ಎಲ್ಲ ವಯಸ್ಸಿನಲ್ಲೂ ಕಡ್ಡಾಯ. ನಮೂನೆ 1 ಇದರಿಂದ ಭಿನ್ನ. ಅದು ಅರ್ಜಿದಾರರೇ ಬರೆದುಕೊಡುವ ಆರೋಗ್ಯ ಘೋಷಣೆ. ಮೂರ್ಛೆರೋಗ, ಹಠಾತ್ ಪ್ರಜ್ಞೆ ತಪ್ಪುವಿಕೆ ಮತ್ತು ತಲೆಸುತ್ತಿನ ಬಗ್ಗೆ ಅದರಲ್ಲಿ ನೇರ ಪ್ರಶ್ನೆಯಿದೆ.

ನಮೂನೆ 1-ಎಯಲ್ಲಿ ವೈದ್ಯರು ಮುಖ್ಯವಾಗಿ ದೃಷ್ಟಿ, ಇರುಳುಗುರುಡು, ಶ್ರವಣ ಮತ್ತು ಕೈಕಾಲುಗಳ ಊನದ ಬಗ್ಗೆ ಅಭಿಪ್ರಾಯ ನೀಡುತ್ತಾರೆ. ಬಣ್ಣ ಗುರುತಿಸುವ ಸಾಮರ್ಥ್ಯದ ನಿಯಮವನ್ನು 2020ರಲ್ಲಿ ಸಡಿಲಿಸಲಾಗಿದ್ದು, ಅಲ್ಪ ಹಾಗೂ ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರೂ ಈಗ ಅರ್ಹರು. ಕನ್ನಡಕ ಧರಿಸುವುದು ಅನರ್ಹತೆಯಲ್ಲ. ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಿದ್ದರೆ ಸಾಕು.

ದೃಷ್ಟಿಯ ಅಳತೆಗೋಲು ಸರಳವಾದುದು: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನೋಂದಣಿ ಫಲಕವನ್ನು ಗುರುತಿಸಬೇಕು. ಕಾರಿನ ಫಲಕದ ಅಕ್ಷರಗಳ ಎತ್ತರ 65 ಮಿಲಿಮೀಟರ್. ಇಷ್ಟು ದೂರದಿಂದ ಆ ಅಕ್ಷರವನ್ನು ಓದಬಲ್ಲ ಕಣ್ಣಿಗೆ ನೇತ್ರ ತಪಾಸಣೆಯ ಪಟ್ಟಿಯಲ್ಲಿ ಹೆಚ್ಚುಕಡಿಮೆ 6/12ಕ್ಕಿಂತ ಸ್ವಲ್ಪ ಉತ್ತಮ ದೃಷ್ಟಿ ಇರಬೇಕಾಗುತ್ತದೆ. ಸಾಮಾನ್ಯ ಚಿಕಿತ್ಸಾಲಯದ ಕೋಣೆ 25 ಮೀಟರ್ ಉದ್ದವಿರುವುದಿಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ಅಕ್ಷರಶಃ ನಡೆಸಬೇಕಾದರೆ ಬೀದಿಗೆ ಬರಬೇಕು, ಇಲ್ಲವೇ ಪಟ್ಟಿಯ ಮೂಲಕ ಸಮಾನ ಅಳತೆ ತೆಗೆಯಬೇಕು. ನಿಂತಿರುವ ಕಾರಿನಿಂದ ಸುಮಾರು 33 ದೊಡ್ಡ ಹೆಜ್ಜೆ ಹಿಂದೆ ಸರಿದು, ಒಂದೊಂದು ಕಣ್ಣನ್ನು ಮುಚ್ಚಿಕೊಂಡು ಫಲಕ ಓದಲು ಯತ್ನಿಸಿದರೆ ಯಾರು ಬೇಕಾದರೂ ಅರ್ಜಿಗೆ ಮೊದಲೇ ತಮ್ಮ ಸ್ಥಿತಿಯನ್ನು ಅರಿಯಬಹುದು. ಎರಡೂ ಕಣ್ಣು ತೆರೆದಾಗ ಚೆನ್ನಾಗಿ ಕಂಡು, ಒಂದನ್ನು ಮುಚ್ಚಿದಾಗ ಅಕ್ಷರಗಳು ಮಸುಕಾದರೆ ಕಣ್ಣಿನ ಪೊರೆ ಬೆಳೆಯುತ್ತಿರುವ ಸಾಧ್ಯತೆಯಿದೆ. ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಗುವುದರಿಂದ ನವೀಕರಣದ ದಿನಕ್ಕೆ ಕೆಲವು ತಿಂಗಳು ಮುಂಚೆ ನೋಡಿಸಿಕೊಳ್ಳುವುದರಲ್ಲಿ ಅರ್ಥವಿದೆ.

## ತಪಾಸಣೆಯ ಮಿತಿ

ನಲವತ್ತೊಂದರ ಚಾಲಕನಿಗೂ ಎಂಬತ್ತೊಂದರ ಚಾಲಕನಿಗೂ ನಮೂನೆ ಒಂದೇ. ಮುಂದಿರುವ ಫಲಕವನ್ನು ಓದುವ ಪರೀಕ್ಷೆಯು ನೋಟದ ತೀಕ್ಷ್ಣತೆಯನ್ನು ಅಳೆಯುತ್ತದೆ, ನೋಟದ ಅಗಲವನ್ನಲ್ಲ. ಗ್ಲಾಕೋಮಾ ಕಾಯಿಲೆಯಲ್ಲಿ ಸಾಮಾನ್ಯವಾಗಿ ಪಕ್ಕದ ನೋಟ ಮೊದಲು ಕುಗ್ಗುತ್ತದೆ. ಅಂಥವರು ಫಲಕವನ್ನು ಸರಾಗವಾಗಿ ಓದಿಯೂ ಪಕ್ಕದ ಓಣಿಯಿಂದ ನುಗ್ಗುವ ಸೈಕಲ್ಲನ್ನು ಕಾಣದೇ ಹೋಗಬಹುದು. ಮರೆವು, ಪ್ರತಿಕ್ರಿಯೆಯ ನಿಧಾನಗತಿ, ನಿದ್ರೆ ತರಿಸುವ ಮಾತ್ರೆಗಳು, ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಏಕಾಏಕಿ ಇಳಿಯುವುದು ಇವುಗಳನ್ನು ಅಳೆಯುವ ಪ್ರತ್ಯೇಕ ಪರೀಕ್ಷೆ ಈ ವ್ಯವಸ್ಥೆಯಲ್ಲಿಲ್ಲ. ಪ್ರಶ್ನೆಗಳು ಬಹುಪಾಲು ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವಂಥವಾದುದರಿಂದ, ವೈದ್ಯರು ನಿಜವಾಗಿ ಫಲಕ ಓದಿಸಿದರೇ ಇಲ್ಲವೇ ಎಂಬುದು ಕಾಗದದಿಂದ ತಿಳಿಯುವುದಿಲ್ಲ.

ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣದ ವೇಳೆ ಗ್ರಹಣಶಕ್ತಿಯ ಪರೀಕ್ಷೆ ಇದೆ. 2022ರಿಂದ, ಕೆಲವು ಬಗೆಯ ಸಂಚಾರ ಉಲ್ಲಂಘನೆ ಮಾಡಿರುವ ಆ ವಯಸ್ಸಿನವರು ವಾಹನ ಓಡಿಸಿಯೂ ತೋರಿಸಬೇಕು. ಬ್ರಿಟನ್ನಿನಲ್ಲಿ 70ರ ನಂತರ ಮೂರು ವರ್ಷಕ್ಕೊಮ್ಮೆ ನವೀಕರಣವಾದರೂ ಅದು ಬಹುಕಾಲದಿಂದ ಸ್ವಯಂ ಘೋಷಣೆಯನ್ನೇ ನೆಚ್ಚಿದೆ. ಭಾರತದ ಪದ್ಧತಿ ಇವೆರಡರ ನಡುವಿನದು: ವೈದ್ಯರ ಸಹಿ ಬೇಗ ಆರಂಭವಾಗುತ್ತದೆ, ಆದರೆ ವಯಸ್ಸು ಹೆಚ್ಚಿದಂತೆ ತಪಾಸಣೆ ಆಳವಾಗುವುದಿಲ್ಲ.

ಎರಡು ನವೀಕರಣಗಳ ನಡುವೆ ಕಾಯಿಲೆ ಬಂದರೆ ಅನ್ವಯವಾಗುವುದು 16ನೇ ಕಲಮು. ಚಾಲಕನು ರೋಗ ಅಥವಾ ಅಂಗವೈಕಲ್ಯದಿಂದ ಅನರ್ಹನಾಗಿದ್ದಾನೆ ಎಂದು ನಂಬಲು ಸಕಾರಣವಿದ್ದರೆ ಪರವಾನಗಿ ಪ್ರಾಧಿಕಾರವು ಯಾವಾಗ ಬೇಕಾದರೂ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು ಅಥವಾ ಪರವಾನಗಿಯನ್ನು ರದ್ದುಪಡಿಸಬಹುದು. ಇದರ ವಿರುದ್ಧ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

## ಬಾಗಲಕೋಟೆ ಜಿಲ್ಲೆಯಲ್ಲಿ

ಈ ನಾಲ್ಕು ತಾಲ್ಲೂಕುಗಳು ಕೆಎ-29 ಸಂಕೇತದ ಬಾಗಲಕೋಟೆ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಜಮಖಂಡಿಯ ಕಚೇರಿ ಬೇರೆ. ಅದರ ಸಂಕೇತ ಕೆಎ-48. ಇಳಕಲ್ಲಿನಿಂದ ಜಿಲ್ಲಾ ಕೇಂದ್ರಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ, ಬಾದಾಮಿಯಿಂದ ಅದಕ್ಕಿಂತ ಕಡಿಮೆ. 2019ರ ತಿದ್ದುಪಡಿಯ ನಂತರ ನವೀಕರಣಕ್ಕೆ ಮೂಲ ಕಚೇರಿಗೇ ಹೋಗಬೇಕೆಂಬ ಕಟ್ಟುಪಾಡಿಲ್ಲ. ಅರ್ಜಿಯನ್ನು sarathi.parivahan.gov.in ತಾಣದಲ್ಲಿ ಸಲ್ಲಿಸಬೇಕು. ಹಳೆಯ ಪುಸ್ತಕ ರೂಪದ ಪರವಾನಗಿ ಇರುವ ಹಿರಿಯರಿಗೆ ಇಲ್ಲಿ ಮೊದಲ ತೊಡಕು ಎದುರಾಗುತ್ತದೆ: ಅವರ ಸಂಖ್ಯೆ ತಾಣದಲ್ಲಿ ಸಿಗದಿದ್ದರೆ ಮೊದಲು ಪರವಾನಗಿ ನೀಡಿದ ಕಚೇರಿಯಲ್ಲಿ ಮೂಲ ಪುಸ್ತಕ ತೋರಿಸಿ ಹಳೆಯ ವಿವರಗಳನ್ನು ಗಣಕಕ್ಕೆ ಸೇರಿಸಬೇಕಾಗುತ್ತದೆ.

ಉದಾಹರಣೆಗೆ, 1966ರ ಜುಲೈ 10ರಂದು ಹುಟ್ಟಿದ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರನ್ನು ಊಹಿಸಿಕೊಳ್ಳಬಹುದು. 1992ರ ಮಾರ್ಚಿನಲ್ಲಿ ಪಡೆದ ಅವರ ಪರವಾನಗಿ ಹಳೆಯ ನಿಯಮದಂತೆ ಇಪ್ಪತ್ತು ವರ್ಷ ನಡೆದು 2012ಕ್ಕೆ ಮುಗಿಯಿತು. ಆಗ ಅವರಿಗೆ 45 ವರ್ಷ. ಮೊದಲ ವೈದ್ಯಕೀಯ ಪ್ರಮಾಣಪತ್ರ ಬೇಕಾದದ್ದು ಆಗಲೇ. ಆ ನವೀಕರಣ ಐವತ್ತನೆಯ ವಯಸ್ಸಿನವರೆಗೆ, ಅಂದರೆ 2016ರ ಜುಲೈವರೆಗೆ ಮಾತ್ರ ನಡೆಯಿತು. ಅಲ್ಲಿಂದ ಐದು ವರ್ಷಕ್ಕೆ 2021ರ ಜುಲೈ, ಮತ್ತೆ ಐದು ವರ್ಷಕ್ಕೆ 2026ರ ಜುಲೈ.

ಈಗ 15ನೇ ಕಲಮಿನ ಕಾಲಮಿತಿ ಅನ್ವಯಿಸುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ, ಅಂದರೆ 2025ರ ಜುಲೈಯಿಂದಲೇ ಅವರು ಅರ್ಜಿ ಹಾಕಬಹುದು. ಮುಗಿದ ನಂತರವೂ ಒಂದು ವರ್ಷದವರೆಗೆ ಚಾಲನಾ ಪರೀಕ್ಷೆಯಿಲ್ಲದೆ ನವೀಕರಿಸಿಕೊಳ್ಳಬಹುದು. 2027ರ ಜುಲೈ ದಾಟಿದರೆ ಮಾತ್ರ ಅವರು ಮತ್ತೆ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಆದರೆ ಅವಧಿ ಮುಗಿದ ನಂತರದ ಈ ಒಂದು ವರ್ಷ ಅರ್ಜಿ ಸಲ್ಲಿಸಲು ಇರುವ ಕಾಲಾವಕಾಶವೇ ಹೊರತು ವಾಹನ ಓಡಿಸಲು ಇರುವ ಅನುಮತಿಯಲ್ಲ. ಅವಧಿ ಮುಗಿದ ಮೇಲೂ 30 ದಿನ ಪರವಾನಗಿ ಸಿಂಧುವಾಗಿರುತ್ತದೆ ಎಂಬ ಹಳೆಯ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿತು. ತಡವಾಗಿ ಮಾಡಿದ ನವೀಕರಣ ನವೀಕರಿಸಿದ ದಿನದಿಂದ ಜಾರಿಗೆ ಬರುತ್ತದೆ; ಹಿಂದಿನ ದಿನಗಳನ್ನು ಅದು ತುಂಬಿಕೊಡುವುದಿಲ್ಲ. ಆ ವ್ಯಾಪಾರಿ 2026ರ ಅಕ್ಟೋಬರಿನಲ್ಲಿ ನವೀಕರಿಸಿದರೆ ಜುಲೈಯಿಂದ ಅಕ್ಟೋಬರಿನವರೆಗೆ ಅವರು ಪರವಾನಗಿಯಿಲ್ಲದವರೇ. ಅಷ್ಟರಲ್ಲಿ ಹುನಗುಂದದ ಬಳಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಅವರ ಕಾರಿನಿಂದ ಯಾರಿಗಾದರೂ ಪೆಟ್ಟಾದರೆ, 181ನೇ ಕಲಮಿನಡಿ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಇಲ್ಲವೇ ಎರಡಕ್ಕೂ ಗುರಿಯಾಗಬಹುದು. ಅದಕ್ಕಿಂತ ಭಾರವಾದುದು ವಿಮೆಯ ಪ್ರಶ್ನೆ. ಸ್ವರಣ್ ಸಿಂಗ್ ಪ್ರಕರಣದ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪರವಾನಗಿಯ ದೋಷವೊಂದನ್ನೇ ತೋರಿಸಿ ವಿಮಾ ಕಂಪನಿಯು ಗಾಯಾಳುವಿಗೆ ಪರಿಹಾರ ತಪ್ಪಿಸುವಂತಿಲ್ಲ ಎಂದು ಹೇಳಿದೆ. ಆದರೆ ಮಾಲೀಕರ ಕಡೆಯಿಂದ ಷರತ್ತಿನ ಉಲ್ಲಂಘನೆ ಸಾಬೀತಾದರೆ, ಕಂಪನಿಯು ಕೊಟ್ಟ ಹಣವನ್ನು ಅವರಿಂದಲೇ ವಸೂಲಿ ಮಾಡಲು ಅವಕಾಶವಿದೆ. ಕಾರು ಮತ್ತು ಪರವಾನಗಿ ಎರಡೂ ಅವರದೇ ಆಗಿರುವಾಗ ದಿನಾಂಕ ತಿಳಿದಿರಲಿಲ್ಲ ಎಂಬ ವಾದ ನಿಲ್ಲುವುದು ಕಷ್ಟ.

ಅವರು ಸಕಾಲದಲ್ಲಿ ನವೀಕರಿಸಿಕೊಂಡರೆ ಮುಂದಿನ ನವೀಕರಣ 65ನೆಯ ವಯಸ್ಸಿನ ಆಸುಪಾಸಿನಲ್ಲಿ, ಅದರ ನಂತರದ್ದು 70ರಲ್ಲಿ. ಪ್ರತಿ ಬಾರಿಯೂ ಹೊಸದಾಗಿ ನಮೂನೆ 1-ಎ ಬೇಕಾಗುತ್ತದೆ.