ಹಿಂದಿನ ಫೋಟೊ, ಈಗಿನ ಫೋಟೊ: ವ್ಯತ್ಯಾಸ ಓದುವ ವಿದ್ಯೆ ನಡೆದು ಬಂದ ದಾರಿ

ಮನೆ ರಿಪೇರಿ ಮುಗಿದ ಮೇಲೆ ಹಳೆಯ ಫೋಟೊ, ಹೊಸ ಫೋಟೊ ಎರಡನ್ನೂ ಫೋನಿಗೆ ಹಾಕಿ, ಬದಲಾದ ಕಡೆಯಲ್ಲೆಲ್ಲ ಕೆಂಪು ಸುತ್ತು ಮೂಡಿಸಿಕೊಳ್ಳುವುದು ಈಗ ಪತ್ತಿಕೊಂಡ, ಆದೋನಿ ಕಡೆಯಲ್ಲೂ ಕಾಣುತ್ತಿದೆ. ಸುತ್ತು ಬಿದ್ದದ್ದು ಬದಲಾಗಿದೆ, ಬೀಳದ್ದು ಮೊದಲಿನಂತೆಯೇ ಇದೆ ಎಂದು ಮನೆಯವರೂ ಗುತ್ತಿಗೆದಾರರೂ ಒಪ್ಪಿಕೊಂಡು ಲೆಕ್ಕ ಚುಕ್ತಾ ಮಾಡುತ್ತಾರೆ. ಹಳೆಯ ಕಟ್ಟಡಗಳ ಫೋಟೊಗಳನ್ನು ಹೋಲಿಸುವ ಕೆಲಸದಲ್ಲಿ ಬಹುಕಾಲ ಕಳೆದ ನನಗೆ ಈ ನಂಬಿಕೆ ಆತಂಕ ತರುತ್ತದೆ. ಎರಡು ಫೋಟೊಗಳ ವ್ಯತ್ಯಾಸ ಎಷ್ಟು ನಿಜ ಎಂಬುದು ಅವನ್ನು ಪಕ್ಕಪಕ್ಕ ಇಟ್ಟಾಗ ತೀರ್ಮಾನವಾಗುವುದಿಲ್ಲ. ಎರಡನೆಯ ಫೋಟೊ ತೆಗೆಯಲು ನಾವು ಎಲ್ಲಿ, ಯಾವಾಗ ನಿಂತೆವು ಎಂಬಲ್ಲಿಯೇ ಅದರ ಬಹುಪಾಲು ತೀರ್ಮಾನವಾಗಿರುತ್ತದೆ. ಈ ವಿದ್ಯೆಯ ಚರಿತ್ರೆಯೆಲ್ಲ ಇದನ್ನೇ ಹೇಳುತ್ತದೆ.

ಆರಂಭದ ಕಾಲವನ್ನು ಬೇಗ ಮುಗಿಸಬಹುದು. ಕಟ್ಟಡದ ಅಳತೆಯನ್ನು ಫೋಟೊದಿಂದಲೇ ತೆಗೆಯುವ ಯೋಚನೆ ಜರ್ಮನಿಯ ಆಲ್ಬ್ರೆಕ್ಟ್ ಮೈಡನ್‌ಬಾವರ್‌ಗೆ 1858ರಲ್ಲಿ ಹೊಳೆಯಿತು. ವೆಟ್ಸ್‌ಲಾರ್‌ನ ಚರ್ಚನ್ನು ಅಳೆಯುವಾಗ ಮೇಲಿನಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಹತ್ತದೆಯೇ ಅಳೆಯುವ ದಾರಿ ಹುಡುಕಲು ಅದೇ ಕಾರಣವಾಯಿತು. 1904ರಲ್ಲಿ ಝೈಸ್ ಕಂಪನಿಯ ಕಾರ್ಲ್ ಪುಲ್ಫ್ರಿಚ್ ಎರಡು ಫಲಕಗಳನ್ನು ಒಂದೇ ಕಣ್ಣಿಗೆ ಸರದಿಯಲ್ಲಿ ತೋರಿಸುವ ಯಂತ್ರ ರೂಪಿಸಿದರು. ಬದಲಾಗದ್ದು ನಿಂತಲ್ಲೇ ನಿಲ್ಲುತ್ತದೆ, ಬದಲಾದದ್ದು ಕುಣಿಯುತ್ತದೆ. ಕ್ಲೈಡ್ ಟಾಂಬೊ 1930ರ ಜನವರಿ 23 ಮತ್ತು 29ರ ಆಕಾಶದ ಫಲಕಗಳನ್ನು ಇಂಥದೇ ಯಂತ್ರದಲ್ಲಿ ನೋಡಿ ಫೆಬ್ರವರಿ 18ರಂದು ಪ್ಲೂಟೊ ಪತ್ತೆ ಮಾಡಿದರು. ಆದರೆ ಆಕಾಶದ ಕೆಲಸಕ್ಕೊಂದು ಸುಲಭವಿತ್ತು. ನಕ್ಷತ್ರಗಳೆಲ್ಲ ಎಷ್ಟು ದೂರವೆಂದರೆ ಕ್ಯಾಮೆರಾ ಒಂದು ಹೆಜ್ಜೆ ಆಚೀಚೆ ಸರಿದರೂ ಅವುಗಳ ಸ್ಥಾನ ಕದಲದು. ಮನೆಯ ಮುಂದೆ ನಿಂತವನಿಗೆ ಆ ಸುಲಭ ಇಲ್ಲ.

ನಮ್ಮ ಭಾಗಕ್ಕೆ ಹತ್ತಿರದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಹಂಪಿಯದು. ಆದೋನಿ 1953ರ ಅಕ್ಟೋಬರ್‌ವರೆಗೂ ಹಂಪಿಯಿದ್ದ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವವೇ ಜಾಗಗಳನ್ನು ಹುಡುಕಿ ಮತ್ತೆ ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಜೋಡಿಯನ್ನು ನೋಡಿ. ಈಗಿನ ರಥಕ್ಕೆ ನೆತ್ತಿಯಲ್ಲಿ ಏನೂ ಇಲ್ಲ. 1856ರ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವಿದೆ. 2017ರಿಂದ ಚಲಾವಣೆಗೆ ಬಂದ ಐವತ್ತು ರೂಪಾಯಿ ನೋಟಿನ ಮೇಲಿರುವುದೂ ಗೋಪುರವಿಲ್ಲದ ರಥವೇ. ಅದನ್ನು ಮೊದಲಿಂದಲೂ ಹೀಗೇ ಇದ್ದ ರೂಪ ಎಂದು ತಿಳಿದವರು ಬಹಳ.

ಅದೇ ಜೋಡಿಯನ್ನು ಅವಸರದಲ್ಲಿ ಓದಿದರೆ ದಾರಿಯೂ ತಪ್ಪುತ್ತದೆ. ಆ ಕಾಲದ ಕಾಗದದ ನೆಗೆಟಿವ್ ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಹಾಗಾಗಿ ಕೆಂಪು, ಕಾವಿ, ಹಳದಿ ಬಣ್ಣಗಳು ಕಪ್ಪಾಗಿ ಬರುತ್ತವೆ, ಆಕಾಶ ಬಿಳುಪಾಗಿ ಬರುತ್ತದೆ. ಹಳೆಯ ಚಿತ್ರದಲ್ಲಿ ಗೋಡೆ ಕಪ್ಪಗಿದೆ ಎಂದು ಮಸಿ ಹಿಡಿದಿತ್ತು ಎನ್ನುವಂತಿಲ್ಲ, ಕಾವಿ ಬಳಿದಿದ್ದಿರಲೂ ಬಹುದು. ಬೆಳಕಿಗೆ ತೆರೆದಿಡುವ ಹೊತ್ತು ದೀರ್ಘವಾದ್ದರಿಂದ ಅಲುಗಾಡಿದ ಎಲೆ ಮಸುಕಾಗುತ್ತದೆ, ನಡೆದು ಹೋದ ಮನುಷ್ಯ ಕಾಣುವುದೇ ಇಲ್ಲ. ಹಳೆಯ ಹಂಪಿ ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ರಥದ ಗೋಪುರದ ವಿಷಯ ಹಾಗಲ್ಲ. ಅದಕ್ಕೆ ಆಕಾರವಿದೆ, ಅಂಚಿದೆ, ನೆರಳಿದೆ. ಬಣ್ಣದ ವ್ಯತ್ಯಾಸಕ್ಕಿಂತ ಆಕಾರದ ವ್ಯತ್ಯಾಸವನ್ನು ಹೆಚ್ಚು ನಂಬಬೇಕು ಎನ್ನುವುದು ಈ ಜೋಡಿಯಿಂದ ಕಲಿಯಬೇಕಾದ ಮೊದಲ ನಿಯಮ.

ಹಳೆಯ ಕ್ಯಾಮೆರಾ ನಿಂತಿದ್ದ ಜಾಗವನ್ನು ಕರಾರುವಾಕ್ಕಾಗಿ ಹುಡುಕುವುದು ಹೇಗೆ? ಇದಕ್ಕೆ ಶಿಸ್ತು ತಂದದ್ದು ನಮ್ಮ ಪೀಳಿಗೆಗೆ ಗುರುಸ್ಥಾನದಲ್ಲಿರುವ ಅಮೆರಿಕದ ಒಂದು ತಂಡ. ಮಾರ್ಕ್ ಕ್ಲೆಟ್, ಎಲೆನ್ ಮ್ಯಾಂಚೆಸ್ಟರ್, ಜೋಆನ್ ವರ್ಬರ್ಗ್ 1977ರಿಂದ 1979ರವರೆಗೆ ಹತ್ತೊಂಬತ್ತನೆಯ ಶತಮಾನದ ಸರ್ವೆ ಫೋಟೊಗಳನ್ನು ಹಿಡಿದುಕೊಂಡು ಅಲ್ಲಿನ ಪಶ್ಚಿಮದ ಬೆಟ್ಟಗುಡ್ಡ ಸುತ್ತಿದರು. ಅವರ ಉಪಾಯ ಸರಳ. ಹಳೆಯ ಫೋಟೊದಲ್ಲಿ ಹತ್ತಿರದ ಒಂದು ಬಂಡೆಯ ಅಂಚು, ಅದರ ಹಿಂದೆ ದೂರದ ಒಂದು ಗುರುತು, ಇವೆರಡರ ನಡುವಿನ ಅಂತರವನ್ನು ಅಳೆಯಬೇಕು. ಎಡಕ್ಕೊಂದು, ಬಲಕ್ಕೊಂದು ಇಂಥ ಜೋಡಿ ಆರಿಸಬೇಕು. ಸ್ಥಳದಲ್ಲೇ ಪೋಲರಾಯ್ಡ್ ತೆಗೆದು ಅದರಲ್ಲೂ ಅಳೆದು, ಎರಡು ಅಂತರಗಳ ಪ್ರಮಾಣವನ್ನು ಹೋಲಿಸಬೇಕು. ಫೋಟೊ ಚಿಕ್ಕದೋ ದೊಡ್ಡದೋ ಪ್ರಶ್ನೆಯಲ್ಲ, ಪ್ರಮಾಣ ಹೊಂದಬೇಕು. ಹತ್ತಿರದ ವಸ್ತು ಎಡಕ್ಕೆ ಜರುಗಿದಂತೆ ಕಂಡರೆ ನಾವು ಹೆಚ್ಚು ಬಲಕ್ಕೆ ಬಂದಿದ್ದೇವೆ ಎಂದರ್ಥ. ಎಡಕ್ಕೆ ಸರಿದು ಮತ್ತೆ ತೆಗೆಯಬೇಕು. ಈಗ ಪೋಲರಾಯ್ಡ್ ಬೇಡ, ಫೋನಿನ ಪರದೆ ಸಾಕು. ಅಳೆಯುವ ತಾಳ್ಮೆ ಮಾತ್ರ ಅಷ್ಟೇ ಬೇಕು.

ಆದೋನಿಯ ಒಂದು ಮಾಳಿಗೆ ಮನೆಯ ಜೋಡಿಯಲ್ಲಿ ಇದೆಲ್ಲ ಹೇಗೆ ಕೆಲಸಕ್ಕೆ ಬಂತು ಎಂದು ನೋಡೋಣ. ಮನೆಯ ಬಾಗಿಲು ಉತ್ತರಕ್ಕೆ. ಗೋಡೆಯ ಮುಂದೆ 3 ಮೀಟರ್ ದೂರಕ್ಕೆ ಚಾವಡಿಯ ಮರದ ಕಂಬ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕ್ಯಾಮೆರಾ. ಹಳೆಯ ಫೋಟೊ ಜೂನ್ ತಿಂಗಳ ಬೆಳಗಿನದು, ರಿಪೇರಿಯ ನಂತರದ್ದು ಡಿಸೆಂಬರಿನದು. ಫೋನು ಮೂರು ಸುತ್ತು ಹಾಕಿತ್ತು: ಬಾಗಿಲ ಪಕ್ಕದ ದೀಪದ ಗೂಡು ಮುಚ್ಚಿದೆ, ಕಂಬ ಸರಿದಿದೆ, ಗೋಡೆಯ ಬಣ್ಣ ಕಪ್ಪಾಗಿದೆ. ಮೂರೂ ಸುಳ್ಳು.

ಮೊದಲೆರಡಕ್ಕೆ ಕಾರಣ ಒಂದೇ. ಎರಡನೆಯ ಸಲ ಫೋಟೊ ತೆಗೆದವರು ಅರ್ಧ ಮೀಟರ್ ಬಲಕ್ಕೆ ನಿಂತಿದ್ದರು. ಕ್ಯಾಮೆರಾದಿಂದ ಕಂಬ 7 ಮೀಟರ್, ಕಂಬದಿಂದ ಗೋಡೆ 3 ಮೀಟರ್. ಅರ್ಧ ಮೀಟರನ್ನು 3ರಿಂದ ಗುಣಿಸಿ 7ರಿಂದ ಭಾಗಿಸಿದರೆ ಸುಮಾರು 21 ಸೆಂಟಿಮೀಟರ್. ಗೋಡೆಯ ಮೇಲೆ ಕಂಬ ಅಷ್ಟು ಎಡಕ್ಕೆ ಸರಿದಂತೆ ಕಾಣುತ್ತದೆ, ಒಂದು ದೀಪದ ಗೂಡನ್ನು ಮರೆಮಾಡಲು ಅದು ಧಾರಾಳ. ಗೂಡು ಇದ್ದಲ್ಲೇ ಇತ್ತು, ಕಂಬವೂ ಕದಲಿರಲಿಲ್ಲ. ಬಣ್ಣದ ಸುಳ್ಳಿಗೆ ಕಾರಣ ಸೂರ್ಯ. ಜೂನ್‌ನಲ್ಲಿ ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುವುದರಿಂದ ಉತ್ತರದ ಗೋಡೆಗೆ ಬೆಳಗಿನ ಬಿಸಿಲು ಬೀಳುತ್ತದೆ. ನಮ್ಮ ಸೀಮೆಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಟಮಟ ಮಧ್ಯಾಹ್ನವೂ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್‌ನಲ್ಲಿ ಆ ಗೋಡೆಗೆ ದಿನವಿಡೀ ನೆರಳು. ಸುಣ್ಣ ಅದೇ, ತಿಂಗಳು ಬೇರೆ.

ನಿಜವಾದ ಎರಡು ಬದಲಾವಣೆಗಳು ಸುತ್ತು ಬೀಳದೆ ಉಳಿದಿದ್ದವು. ಹಳೆಯ ಫೋಟೊದಲ್ಲಿ ಬಾಗಿಲಿಗೆ ಮೂರು ಮೆಟ್ಟಿಲು, ಹೊಸದರಲ್ಲಿ ಎರಡು. ಮನೆ ಕುಸಿದಿರಲಿಲ್ಲ. ಮುಂದಿನ ಸಿಮೆಂಟ್ ರಸ್ತೆ ಎತ್ತರವಾಗಿ ಕೆಳಗಿನ ಮೆಟ್ಟಿಲನ್ನು ನುಂಗಿತ್ತು. ಮಳೆಗಾಲದಲ್ಲಿ ನೀರು ಎಲ್ಲಿಗೆ ನುಗ್ಗುತ್ತದೆ ಎಂಬುದು ಈ ಒಂದು ಮೆಟ್ಟಿಲಿನಿಂದ ತಿಳಿಯುತ್ತದೆ. ಎರಡನೆಯದು ಸೂರು. ಜಂತಿಗಳ ಮೇಲೆ ದಪ್ಪಗೆ ಮಣ್ಣು ಹಾಸಿದ ಮಾಳಿಗೆಯ ಅಂಚು ಮುಂಭಾಗದಿಂದ ಒಂದು ಮೊಳದಷ್ಟು ಕಾಣುತ್ತಿತ್ತು. ಈಗ ಅಲ್ಲಿ ತೆಳ್ಳನೆಯ ಕಾಂಕ್ರೀಟ್ ಹಲಗೆ, ನೀರು ಸುರಿಯುವ ದೋಣಿಯ ಜಾಗದಲ್ಲಿ ಪ್ಲಾಸ್ಟಿಕ್ ಪೈಪು. ಮನೆಯೊಳಗಿನ ತಂಪನ್ನೇ ಬದಲಿಸಿದ ಕೆಲಸ ಫೋಟೊದಲ್ಲಿ ಒಂದು ಸಣ್ಣ ಗೆರೆಯಾಗಿ ಮಾತ್ರ ಉಳಿದಿತ್ತು.

ಕಂಪ್ಯೂಟರ್ ಈ ಕ್ಷೇತ್ರಕ್ಕೆ ಕೊಟ್ಟದ್ದು ಕಡಿಮೆಯಲ್ಲ. ಮೊದಲು ಒಂದು ಚಿತ್ರದ ಬಿಂದುವಿನಿಂದ ಇನ್ನೊಂದರದನ್ನು ಕಳೆದು ಉಳಿದದ್ದನ್ನೇ ವ್ಯತ್ಯಾಸ ಎನ್ನುತ್ತಿದ್ದರು. ಕೈ ಸ್ವಲ್ಪ ನಡುಗಿದರೂ ಮನೆಯ ಪ್ರತಿ ಅಂಚು ಬದಲಾದಂತೆ ಹೊಳೆಯುತ್ತಿತ್ತು. 1999ರಲ್ಲಿ ಡೇವಿಡ್ ಲೋ ತೋರಿಸಿದ ವಿಧಾನದಿಂದ ಎರಡು ಚಿತ್ರಗಳಲ್ಲಿನ ಒಂದೇ ಮೂಲೆ, ಒಂದೇ ಕಲೆಯನ್ನು ಯಂತ್ರವೇ ಜೋಡಿಸಿ ಚಿತ್ರಗಳನ್ನು ಹೊಂದಿಸುವುದು ಸಾಧ್ಯವಾಯಿತು. 2004ರ ಹೊತ್ತಿಗೆ ಬಿಂದುಗಳ ಬದಲು ಸಣ್ಣ ಸಣ್ಣ ತುಣುಕುಗಳ ವಿನ್ಯಾಸ ಹೋಲಿಸುವ ಅಳತೆಯೂ ಬಂತು, ಒಟ್ಟಾರೆ ಬೆಳಕು ಹೆಚ್ಚುಕಡಿಮೆಯಾದರೂ ಅದು ಅಷ್ಟಾಗಿ ಮೋಸಹೋಗದು. ಆದರೆ ಚಿತ್ರವನ್ನು ಹಿಗ್ಗಿಸಿ ತಿರುಚಿ ಹೊಂದಿಸುವ ಸಾಮಾನ್ಯ ವಿಧಾನ ಒಂದು ಸಮತಲಕ್ಕೆ ಮಾತ್ರ ನಿಖರ. ಗೋಡೆಗೆ ಹೊಂದಿಸಿದರೆ ಮುಂದಿನ ಕಂಬ ಹೊಂದದು. ಕಂಬದ ಹಿಂದೆ ಮರೆಯಾದ ಗೂಡನ್ನಂತೂ ಯಾವ ಲೆಕ್ಕವೂ ಹೊರತೆಗೆಯದು. ಸುಳ್ಳು ಸುತ್ತನ್ನು ಗುರುತಿಸುವುದು ಕಷ್ಟವಲ್ಲ: ಮುಂಚಾಚಿದ ವಸ್ತುಗಳ ಒಂದೇ ಬದಿಯ ಅಂಚಿಗೆ ಸುತ್ತುಗಳು ಸಾಲಾಗಿ ಬಿದ್ದಿದ್ದರೆ ಕದಲಿದ್ದು ಕ್ಯಾಮೆರಾ, ಮನೆಯಲ್ಲ.

ಕಣ್ಣಿಗೂ ಮಿತಿಯಿದೆ. ಎರಡು ಚಿತ್ರಗಳ ನಡುವೆ ಕ್ಷಣಮಾತ್ರ ಖಾಲಿ ಪರದೆ ತೋರಿಸಿದರೆ ದೊಡ್ಡ ಬದಲಾವಣೆಯೂ ಬಹಳ ಹೊತ್ತು ಕಾಣುವುದಿಲ್ಲ ಎಂದು ರೊನಾಲ್ಡ್ ರೆನ್ಸಿಂಕ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟರು. ಆ ಖಾಲಿ ಕ್ಷಣ ತೆಗೆದರೆ ಬದಲಾವಣೆ ತಾನೇ ಎದ್ದು ಕಾಣುತ್ತದೆ. ಪಕ್ಕಪಕ್ಕ ಇಟ್ಟು ನೋಡುವಾಗ ಕಣ್ಣು ಅತ್ತಿತ್ತ ಹೊರಳುವುದೂ ಅಂಥದೇ ಅಡ್ಡಿ. ಆದ್ದರಿಂದ ಎರಡನ್ನೂ ಹೊಂದಿಸಿ ಒಂದರ ಮೇಲೊಂದಿಟ್ಟು ಬೆರಳಿನಿಂದ ಬದಲಿಸುತ್ತ ನೋಡುವುದು ಲೇಸು. ಪುಲ್ಫ್ರಿಚ್ ಯಂತ್ರ ಮಾಡಿದ್ದೂ ಇದನ್ನೇ.

ಇಷ್ಟೆಲ್ಲ ಬೆಳೆದರೂ ಎರಡು ಕೊರತೆ ಉಳಿದಿವೆ. ಒಂದು, ನಡುವಿನ ಕಾಲ. ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು 2011ರ ಜುಲೈನಲ್ಲಿ ತೆರವು ಮಾಡಲಾಯಿತು. 1856ರ ಫೋಟೊವನ್ನೂ ತೆರವಿನ ನಂತರದ್ದನ್ನೂ ಹೋಲಿಸಿದರೆ ಅಲ್ಲಿ ದಶಕಗಟ್ಟಲೆ ಬದುಕಿದ ಜನ ಯಾವ ಫೋಟೊದಲ್ಲೂ ಇರುವುದಿಲ್ಲ. ಜೋಡಿ ಎಷ್ಟು ನಿಖರವಾಗಿದ್ದರೂ ಎರಡು ಫೋಟೊ ಸಾಲವು, ಮೂರನೆಯದೂ ನಾಲ್ಕನೆಯದೂ ಬೇಕು.

ಇನ್ನೊಂದು, ಹಿಂದಿನ ಫೋಟೊವೇ ಇಲ್ಲದಿರುವುದು. ಹಂಪಿಗೆ ಗ್ರೀನ್‌ಲಾ ಇದ್ದರು. ಆದೋನಿ, ಆಲೂರು, ಪತ್ತಿಕೊಂಡದ ಮಾಳಿಗೆ ಮನೆಗಳಿಗೆ ಅಂಥವರು ಇರಲಿಲ್ಲ. ಮನೆ ಯೋಜನೆಗಳಲ್ಲಿ ಈಗ ಹಂತ ಹಂತದ ಫೋಟೊಗಳನ್ನು ಸ್ಥಳದ ಗುರುತಿನೊಂದಿಗೆ ತೆಗೆಯುತ್ತಾರೆ. ಹಣ ಬಿಡುಗಡೆಗೆ ಅದು ಸಾಕು. ಆದರೆ ಫೋನಿನ ಸ್ಥಳಗುರುತು ಹಲವು ಮೀಟರ್ ಆಚೀಚೆ ಆಗುವಂಥದ್ದು, ಅರ್ಧ ಮೀಟರ್ ತಪ್ಪಿದರೆ ಏನಾಗುತ್ತದೆ ಎಂದು ಆಗಲೇ ಕಂಡೆವು. ಮಾಳಿಗೆ ಇಳಿಸುವ ಮೊದಲು ಬೀದಿಯ ಕದಲದ ಒಂದು ಕಲ್ಲಿಗೆ ಬಣ್ಣದ ಗುರುತು ಹಾಕಿ, ಅದರ ಮೇಲೆ ನಿಂತು, ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಹಿಡಿದು ತೆಗೆದರೆ ಸಾಕು. ಗೋಡೆಗೆ ಅಳತೆಯ ಕೋಲೊಂದನ್ನು ಒರಗಿಸಿರಲಿ, ತಾರೀಖು ಮತ್ತು ಹೊತ್ತು ಬರೆದಿರಲಿ. ಸಾಧ್ಯವಾದರೆ ಎರಡನೆಯದನ್ನು ಮುಂದಿನ ವರ್ಷ ಅದೇ ತಿಂಗಳು, ಅದೇ ಹೊತ್ತಿನಲ್ಲಿ ತೆಗೆಯಲಿ. ಕಾಲು ಗಂಟೆಯ ಕೆಲಸ. ಅದನ್ನು ಮಾಡದೆ ಬಿಟ್ಟರೆ ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಹೇಗಿತ್ತು, ಯಾವಾಗ, ಎಷ್ಟು ಬದಲಾಯಿತು ಎಂದು ಮುಂದೆ ಕೇಳಿದವರಿಗೆ ಉತ್ತರ ಕೊಡಲು ಯಾವ ಯಂತ್ರಕ್ಕೂ ಆಗದು.