ಒಂದು ಬಸ್ಸು, ಹದಿನಾಲ್ಕು ಹೆಸರು

ಬೀದರಿನ ಜನ ಸರ್ಕಾರಿ ಬಸ್ ನೋಡಿದ್ದು ಮೈಸೂರಿನವರಿಗಿಂತ ಮೊದಲು. 1932ರಲ್ಲಿ ನಿಜಾಮ್ ಸರ್ಕಾರ 27 ಬಸ್ಸು ಇಟ್ಟುಕೊಂಡು ರಸ್ತೆ ಸಾರಿಗೆ ಶುರು ಮಾಡ್ತು, ರೈಲ್ವೆಯ ಒಂದು ಕೈಯಾಗಿ. ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಹುಟ್ಟಿದ್ದು 1948ರಲ್ಲಿ, 120 ಬಸ್ಸಿನೊಂದಿಗೆ. 1956ರಲ್ಲಿ ಬೀದರ ಈ ಕಡೆ ಬಂತು. 1961ಕ್ಕೆ ಇಲಾಖೆ ಹೋಗಿ ನಿಗಮ ಆಯ್ತು, 1973ರಲ್ಲಿ ರಾಜ್ಯದ ಜೊತೆ ನಿಗಮದ ಹೆಸರೂ ಬದಲಾಯ್ತು. ಇಷ್ಟೆಲ್ಲ ಬದಲಾದರೂ ಪ್ರಯಾಣಿಕನ ಪಾಲಿಗೆ ಬಸ್ಸು ಒಂದೇ: ಕೆಂಪು ಬಸ್ಸು. ಬೋರ್ಡಿನ ಮೇಲೆ ಊರಿನ ಹೆಸರು ಇದ್ದರೆ ಸಾಕಿತ್ತು.

ಬಸ್ಸಿಗೇ ಹೆಸರಿಡೋ ಕಾಲ ಬಂದಿದ್ದು ಖಾಸಗಿಯವರ ಪೈಪೋಟಿಯಿಂದ. ರಾತ್ರಿ ಪ್ರಯಾಣಕ್ಕೆ ಹಿಂದೆ ಬಾಗೋ ಸೀಟು ಹಾಕಿ 'ರಾಜಹಂಸ' ಅಂದರು. ಈ ಶತಮಾನದ ಆರಂಭದಲ್ಲಿ ವೋಲ್ವೋ ತಂದು 'ಐರಾವತ' ಅಂದರು. ಇವೆರಡೂ ಒಳ್ಳೆಯ ಹೆಸರು, ಯಾಕಂದ್ರೆ ಹೆಸರು ಕೇಳಿದ ಕೂಡಲೇ ಒಳಗೆ ಏನು ಸಿಗುತ್ತೆ, ದುಡ್ಡು ಎಷ್ಟು ಜಾಸ್ತಿ ಅನ್ನೋ ಅಂದಾಜು ಸಿಗ್ತಿತ್ತು. ಹೆಸರಿನ ಹಿಂದೆ ನಿಜವಾದ ವ್ಯತ್ಯಾಸ ಇತ್ತು.

ಆಮೇಲೆ ಹಳಿ ತಪ್ಪಿತು. ಮೂರು ಆಕ್ಸಲ್‌ನ ಬಸ್ ಬಂತು, ಅದು 'ಐರಾವತ ಕ್ಲಬ್ ಕ್ಲಾಸ್'. ಇನ್ನೊಂದು ಬಂತು, 'ಗೋಲ್ಡ್ ಕ್ಲಾಸ್'. ಮಲಗಿ ಹೋಗುವ ಎಸಿ ಬಸ್ 'ಅಂಬಾರಿ', ಅದರ ಮುಂದಿನ ಮಾದರಿ 'ಅಂಬಾರಿ ಡ್ರೀಮ್ ಕ್ಲಾಸ್', 2023ರಲ್ಲಿ 'ಅಂಬಾರಿ ಉತ್ಸವ'. ವಿಮಾನ ನಿಲ್ದಾಣಕ್ಕೆ 'ಫ್ಲೈ ಬಸ್', ಕರೆಂಟಿನ ಬಸ್ಸಿಗೆ 'ಇವಿ ಪವರ್ ಪ್ಲಸ್'. ಗಮನಿಸಿ, ಇಲ್ಲಿ ಅರ್ಧ ಹೆಸರುಗಳು ಹುಟ್ಟಿದ್ದು ಪ್ರಯಾಣಿಕನ ಅಗತ್ಯದಿಂದಲ್ಲ, ಹೊಸ ಮಾದರಿಯ ಗಾಡಿ ಖರೀದಿಯಾದದ್ದರಿಂದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ವರ್ಷನ್ ನಂಬರನ್ನೇ ಪ್ರಾಡಕ್ಟ್ ಹೆಸರು ಮಾಡಿದರು.

ಇದಕ್ಕೆ ಇನ್ನೊಂದು ಕವಲು ಸೇರಿತು. 1997ರಿಂದ 2000ದೊಳಗೆ ಒಂದು ನಿಗಮ ನಾಲ್ಕಾಯ್ತು. ಬೀದರ, ಭಾಲ್ಕಿ, ಔರಾದ ಎಲ್ಲ ಕಲಬುರಗಿಯ ಈಶಾನ್ಯ ನಿಗಮದ ಪಾಲಿಗೆ ಬಂದವು. ಅದು 2021ರಲ್ಲಿ 'ಕಲ್ಯಾಣ ಕರ್ನಾಟಕ' ಆಯ್ತು. ಈಗ ನಾನ್ ಎಸಿ ಸ್ಲೀಪರ್ ಒಂದನ್ನೇ ತಗೊಳ್ಳಿ. ಬೆಂಗಳೂರಿನ ನಿಗಮ 2023ರ ಅಕ್ಟೋಬರಿನಲ್ಲಿ ಅದಕ್ಕೆ 'ಪಲ್ಲಕ್ಕಿ' ಅಂತ ಹೆಸರಿಟ್ಟಿತು. ನಮ್ಮ ನಿಗಮದಲ್ಲಿ ಅದೇ ನಮೂನೆಯ ಬಸ್ಸು 'ಅಮೋಘವರ್ಷ'. ಎಸಿ ಸ್ಲೀಪರ್ ಅಲ್ಲಿ 'ಅಂಬಾರಿ', ಇಲ್ಲಿ 'ಕಲ್ಯಾಣ ರಥ'. ಮಳಖೇಡದ ರಾಜನ ಹೆಸರು ನಮ್ಮ ಕಡೆ ಬಸ್ಸಿನ ಮೇಲೆ ಓಡಾಡ್ತದ ಅಂದ್ರೆ ಖುಷಿನೇ. ಆದರೆ ಬೆಂಗಳೂರಿಂದ ಬೀದರಿಗೆ ಟಿಕೆಟ್ ತೆಗೆಯೋನು ಅಮೋಘವರ್ಷದಲ್ಲಿ ಎಸಿ ಇದೆಯೋ ಇಲ್ಲವೋ ಅಂತ ಇತಿಹಾಸ ಓದಿ ತಿಳಕೊಳ್ಳೋಕಾಗಲ್ಲ.

ಇದೆಲ್ಲ ಬರೀ ತಮಾಷೆಯಾಗಿತ್ತು, 2023ರ ಜೂನ್ 11ರ ತನಕ. ಅವತ್ತು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಉಚಿತ. ಯಾವ ಬಸ್ಸು? ಆದೇಶದಲ್ಲಿ ಉಚಿತವಲ್ಲದ ಬಸ್ಸುಗಳ ಪಟ್ಟಿಯೇ ಇತ್ತು: ರಾಜಹಂಸ, ನಾನ್ ಎಸಿ ಸ್ಲೀಪರ್, ವಜ್ರ, ವಾಯುವಜ್ರ, ಐರಾವತದ ಮೂರು ರೂಪ, ಅಂಬಾರಿಯ ಮೂರು ರೂಪ, ಫ್ಲೈ ಬಸ್, ಇವಿ ಪವರ್ ಪ್ಲಸ್. ಅಲ್ಲಿಗೆ ಬಸ್ಸಿನ ಹೆಸರು ಜಾಹೀರಾತಾಗಿ ಉಳಿಯಲಿಲ್ಲ. ಔರಾದಿನ ಕೂಲಿ ಹೆಂಗಸಿನ ಕೈಯಿಂದ ದುಡ್ಡು ಹೋಗಬೇಕೋ ಬೇಡವೋ ಅನ್ನೋದನ್ನ ಅದು ತೀರ್ಮಾನಿಸತೊಡಗಿತು. ನಿಲ್ದಾಣದಲ್ಲಿ "ಯಣ್ಣಾ, ಈ ಬಸ್ಸಿನಾಗ ಆಧಾರ್ ನಡೀತದೇನ್ರಿ?" ಅನ್ನೋ ಪ್ರಶ್ನೆ ಕಂಡಕ್ಟರಿಗೆ ಬರ್ತದಲ್ಲ, ಹೆಸರುಗಳು ಕೆಲಸ ಮಾಡ್ತಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಆ ಪಟ್ಟಿಯನ್ನ ಒಮ್ಮೆ ಎಂಜಿನಿಯರ್ ಕಣ್ಣಿಂದ ನೋಡಿ. ಎಲ್ಲ ಹೆಸರುಗಳ ನಡುವೆ 'ನಾನ್ ಎಸಿ ಸ್ಲೀಪರ್' ಮಾತ್ರ ಹೆಸರಲ್ಲ, ಬಗೆ. ನಾಲ್ಕು ತಿಂಗಳ ನಂತರ ಪಲ್ಲಕ್ಕಿ ಬಂದಾಗ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ, ಆದರೂ ಗೊಂದಲ ಇಲ್ಲ, ಯಾಕಂದ್ರೆ ಬಗೆ ಅದನ್ನ ಹಿಡಿದುಕೊಂಡಿತ್ತು. 2024ರ ಫೆಬ್ರವರಿಯಲ್ಲಿ ಬಂದ 'ಅಶ್ವಮೇಧ' ಇದರ ಉಲ್ಟಾ: ಐರಾವತದ ಪಕ್ಕ ಕೂರಿಸೋ ಹಾಗಿನ ಗತ್ತಿನ ಹೆಸರು, ಒಳಗೆ ಮಾತ್ರ ಸಾಮಾನ್ಯ ವೇಗದೂತ, ಹೆಂಗಸರಿಗೆ ಉಚಿತ. ಪಕ್ಕದ ತೆಲಂಗಾಣ 2023ರ ಡಿಸೆಂಬರಿನಲ್ಲಿ ಬೇರೆ ದಾರಿ ಹಿಡೀತು: ನಗರದ ಬಸ್ಸು ಬಿಟ್ಟರೆ ಪಲ್ಲೆ ವೆಲುಗು ಮತ್ತು ಎಕ್ಸ್‌ಪ್ರೆಸ್ ಉಚಿತ, ಉಳಿದಿದ್ದಕ್ಕೆ ದುಡ್ಡು. ನಮ್ಮದು ಬೇಡದ್ದರ ಪಟ್ಟಿ, ಅವರದು ಬೇಕಾದ್ದರ ಪಟ್ಟಿ. ಎರಡೇ ಹೆಸರು ನೆನಪಿಟ್ಟರೆ ಆಯ್ತು. ಪ್ರಯಾಣಿಕಳಿಗೆ ಅವರದೇ ವಾಸಿ ಅಂತ ನನ್ನ ಲೆಕ್ಕ.

ಹಾಗಾದ್ರೆ ಕತ್ತರಿಸೋದು ಹೇಗೆ? ಹೆಸರುಗಳನ್ನ ಪಕ್ಕಕ್ಕಿಟ್ಟು ಪ್ರಯಾಣಿಕ ಕೇಳೋ ಮೂರೇ ಪ್ರಶ್ನೆ ಹಾಕಿ: ಕೂರೋದೋ ಮಲಗೋದೋ, ಎಸಿ ಇದೆಯೋ ಇಲ್ಲವೋ, ಎಸಿ ಇಲ್ಲದ ಕಡೆ ಸೀಟು ಹಿಂದೆ ಬಾಗುತ್ತೋ ಇಲ್ಲವೋ. ಬೆಂಗಳೂರು ನಗರದ ವಜ್ರ, ವಾಯುವಜ್ರ ಬಿಟ್ಟರೆ ಉಳಿದದ್ದೆಲ್ಲ ಐದು ಗುಂಪಿಗೆ ಬಂದು ಬೀಳ್ತವೆ. ಸಾಮಾನ್ಯ ಕೆಂಪು ಬಸ್ಸಿನ ಜೊತೆ ಅಶ್ವಮೇಧ. ರಾಜಹಂಸ ಒಂಟಿ. ಐರಾವತದ ಮೂರೂ ಮತ್ತು ಇವಿ ಪವರ್ ಪ್ಲಸ್ ಒಟ್ಟಿಗೆ. ಪಲ್ಲಕ್ಕಿ, ಅಮೋಘವರ್ಷ ಒಂದು ಕಡೆ. ಅಂಬಾರಿಯ ಮೂರು ಮತ್ತು ಕಲ್ಯಾಣ ರಥ ಇನ್ನೊಂದು ಕಡೆ. ಪ್ರತಿ ಗುಂಪಿಗೆ ಜನರ ಬಾಯಲ್ಲಿ ಈಗಾಗಲೇ ಇರೋ ಒಂದು ಹೆಸರು ಉಳಿಸಿ. ಕ್ಲಬ್ ಕ್ಲಾಸಿಗೆ ದರ ಬೇರೆ ಅಂದ್ರೆ, ಸರಿ, ಐರಾವತದೊಳಗೆ ಎರಡು ದರ್ಜೆ ಇರಲಿ. ಗಾಡಿಯ ಮಾದರಿ ಟಿಕೆಟಿನ ಕೆಳಗೆ ಸಣ್ಣಕ್ಷರದಲ್ಲಿ ಹೋಗಲಿ. ಫ್ಲೈ ಬಸ್ ಒಂದನ್ನ ನಾನು ಮುಟ್ಟಲ್ಲ. ಅದು ಸೀಟಿನ ಹೆಸರಲ್ಲ, ಕೆಲಸದ ಹೆಸರು. ವಿಮಾನ ಹಿಡಿಯೋನಿಗೆ ಬೇರೆ ಏನೂ ಬೇಕಿಲ್ಲ.

ಕತ್ತರಿ ಆಡಿಸಿದರೆ ಲಾಭ ತಾನಾಗೇ ಬರಲ್ಲ ಅನ್ನೋದಕ್ಕೆ ಯೂನಿಲಿವರ್ ಸಾಕ್ಷಿ. 1999ರಲ್ಲಿ ಅವರ ಹತ್ತಿರ 1600 ಬ್ರ್ಯಾಂಡ್ ಇದ್ದವು, ಲಾಭದ 90 ಶೇಕಡಕ್ಕೂ ಹೆಚ್ಚು ಬರ್ತಿದ್ದದ್ದು 400ರಿಂದ. 400ಕ್ಕೆ ಇಳಿಸುವ ಐದು ವರ್ಷದ ಯೋಜನೆ ಹಾಕಿದರು. ಇಲ್ಲಿ ಹಿಂದೂಸ್ತಾನ್ ಲಿವರ್ ಕೂಡ 110ರಿಂದ 30ಕ್ಕೆ ಗಮನ ಇಳಿಸಿತು. ಆದರೆ ಕಂಪನಿ ಹೇಳಿದ್ದ ಮಾರಾಟದ ಬೆಳವಣಿಗೆ ಬರಲಿಲ್ಲ, 2004ರಲ್ಲಿ ಲಾಭದ ಅಂದಾಜನ್ನೂ ತಗ್ಗಿಸಬೇಕಾಯ್ತು. ಹೆಸರು ಸತ್ತರೆ ಅದರ ಗಿರಾಕಿ ನಮ್ಮದೇ ಇನ್ನೊಂದು ಹೆಸರಿಗೆ ಬರ್ತಾನೆ ಅನ್ನೋ ಗ್ಯಾರಂಟಿ ಇಲ್ಲ, ಅವನನ್ನ ಕೈ ಹಿಡಿದು ದಾಟಿಸಬೇಕು. ಬಸ್ಸಿನಲ್ಲಿ ಈ ದಾಟಿಸೋ ಕೆಲಸ ಸುಲಭ: ಮೊದಲು ಬುಕಿಂಗಿನಲ್ಲಿ ಮತ್ತು ಬೋರ್ಡಿನಲ್ಲಿ ಎರಡೂ ಹೆಸರು ತೋರಿಸಿ, ಬಣ್ಣ ಬಳಿಯೋದನ್ನ ಬಸ್ಸು ರಿಪೇರಿಗೆ ಹೋದಾಗ ಮಾಡಿ.

ಅಮೋಘವರ್ಷನನ್ನ ಅಳಿಸಿ ಅಂತ ನಮ್ಮ ಕಡೆ ಯಾರೂ ಒಪ್ಪಲ್ಲ, ನಾನೂ ಒಪ್ಪಲ್ಲ. ಬಸ್ಸಿನ ಪಕ್ಕದಲ್ಲಿ ಅವನ ಹೆಸರು ಇರಲಿ, ಮುಂದಿನ ಗಾಜಿನ ಮೇಲೆ ದೊಡ್ಡದಾಗಿ 'ಸ್ಲೀಪರ್, ಎಸಿ ಇಲ್ಲ' ಅಂತಿರಲಿ. ಹೆಸರು ಕತ್ತರಿಸಿದರೂ ಬಗೆಹರಿಯದ ಒಂದು ವಿಷಯ ಗಡಿಯಲ್ಲಿದೆ. ಶಕ್ತಿ ಅಂತರರಾಜ್ಯ ಬಸ್ಸಿಗೆ ಅನ್ವಯಿಸಲ್ಲ. ಬೀದರಿಂದ ಭಾಲ್ಕಿಗೆ ಹೋಗೋ ಕೆಂಪು ಬಸ್ಸು, ಭಾಲ್ಕಿಯಿಂದ ಉದಗೀರಿಗೆ ಹೋಗೋ ಕೆಂಪು ಬಸ್ಸು, ಎರಡೂ ನೋಡೋಕೆ ಒಂದೇ. ಒಂದರಲ್ಲಿ ಆಧಾರ್ ನಡೀತದ, ಇನ್ನೊಂದರಲ್ಲಿ ಇಲ್ಲ. ಹದಿನಾಲ್ಕು ಹೆಸರಿಟ್ಟವರು ಈ ಒಂದು ವ್ಯತ್ಯಾಸಕ್ಕೆ ಮಾತ್ರ ಹೆಸರಿಡಲಿಲ್ಲ.